ಒಂದೇ ವಿಡಿಯೋ ನಿಮ್ಮ ಫೋನಿನಲ್ಲಿ ಎಷ್ಟು ಕಡೆ ಕೂತಿದೆ?

ಪ್ರಶ್ನೆ: ನಾನು ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರ್ತೀನ್ರಿ. ವಾರಕ್ಕೊಂದು ಅಡಿಗಿ ವಿಡಿಯೋ ಹಾಕ್ತೀನಿ. ಫೋನ್ 32 ಜಿಬಿದು, ರ‍್ಯಾಮ್ 3 ಜಿಬಿ. ನಾಕು ನಿಮಿಷದ ವಿಡಿಯೋಕ್ಕ ಇಪ್ಪತ್ತು ನಿಮಿಷ ಶೂಟ್ ಆಗತೈತಿ. ಎಡಿಟ್ ಮುಗಿಸಿ ಸೇವ್ ಕೊಟ್ರ ತೊಂಬತ್ತು ಪರ್ಸೆಂಟಿಗೆ ಬಂದು ‘ಜಾಗ ಇಲ್ಲ’ ಅಂತ ನಿಂತ ಬಿಡತೈತಿ. ಕ್ಯಾಶ್ ಅಳಸಿದ್ರ ಮರುದಿನ ಮತ್ತ ತುಂಬಿರತೈತಿ. ಯಾವ ಆ್ಯಪ್ ಹಾಕಲಿ? ಹೊಸ ಫೋನ್ ತಗೋಬೇಕೇನ್ರಿ?

ಉತ್ತರ: ನಮಸ್ಕಾರ ಅಕ್ಕಾ. ಹೊಸ ಫೋನ್ ಸದ್ಯಕ್ಕೆ ಬೇಡ. ಆ್ಯಪ್ ಬದಲಾಯಿಸುವ ಮುಂಚೆಯೂ ಒಂದು ಕೆಲಸ ಇದೆ: ನೀವು ತೆಗೆದ ಒಂದು ವಿಡಿಯೋ ಫೋನಿನೊಳಗೆ ಎಷ್ಟು ಕಡೆ ಪ್ರತಿಯಾಗಿ ಕೂತಿದೆ ಎಂದು ಹುಡುಕುವುದು. ಚಿಕ್ಕ ಫೋನುಗಳು ತುಂಬುವುದು ಹೆಚ್ಚಾಗಿ ಹೊಸ ವಿಡಿಯೋಗಳಿಂದಲ್ಲ, ಒಂದೇ ವಿಡಿಯೋದ ಮೂರು ನಾಲ್ಕು ಪ್ರತಿಗಳಿಂದ. ಮದುವೆ ಶೂಟಿಂಗ್ ಮಾಡುತ್ತ, ಫೋನಿನಲ್ಲಿ ಎಡಿಟಿಂಗ್ ಹೇಳಿಕೊಡುತ್ತ ಬಂದವನು ನಾನು. ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಫೋನುಗಳಲ್ಲಿ ಇದೇ ಕಥೆ.

ಮೊದಲು ಒಂದು ಲೆಕ್ಕ ಮಾಡಿಕೊಳ್ಳಿ. ನೀವು ಯಾವಾಗಲೂ ಶೂಟ್ ಮಾಡುವ ಸೆಟ್ಟಿಂಗಿನಲ್ಲೇ ಸರಿಯಾಗಿ ಒಂದು ನಿಮಿಷ ಒಲೆಯ ಮುಂದೆ ಶೂಟ್ ಮಾಡಿ, ಗ್ಯಾಲರಿಯಲ್ಲಿ ಆ ವಿಡಿಯೋದ ವಿವರ ತೆರೆದು ಎಷ್ಟು ಎಂಬಿ ಇದೆ ಎಂದು ಬರೆದಿಟ್ಟುಕೊಳ್ಳಿ. 1080p, ಸೆಕೆಂಡಿಗೆ 30 ಫ್ರೇಮ್ ಇದ್ದರೆ ಬಹಳಷ್ಟು ಫೋನುಗಳಲ್ಲಿ ಅದು 130 ಎಂಬಿ ಆಸುಪಾಸು ಬರುತ್ತದೆ. ಅಂದರೆ ಕ್ಯಾಮೆರಾ ಸೆಕೆಂಡಿಗೆ ಸುಮಾರು 17 ಮೆಗಾಬಿಟ್ ಬರೆಯುತ್ತಿದೆ ಎಂದರ್ಥ. ಈ ಮೆಗಾಬಿಟ್ ಸಂಖ್ಯೆಯನ್ನೇ ಬಿಟ್‌ರೇಟ್ ಅನ್ನುವುದು. ಎಂಟು ಬಿಟ್ ಸೇರಿದರೆ ಒಂದು ಬೈಟ್, ನಿಮಿಷಕ್ಕೆ 60 ಸೆಕೆಂಡು. ಹಾಗಾಗಿ ಬಿಟ್‌ರೇಟನ್ನು ಏಳೂವರೆಯಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಎಂಬಿ ಎಂಬುದು ಸಿಗುತ್ತದೆ. ಮುಂದಿನ ಮಾತೆಲ್ಲ ಈ ಒಂದು ಗುಣಾಕಾರದ ಮೇಲೆ ನಿಂತಿದೆ.

ಈಗ ನಿಮ್ಮ ಒಂದು ಚಟ್ನಿ ವಿಡಿಯೋದ ದಾರಿ ಹಿಡಿದು ಹೋಗೋಣ. 20 ನಿಮಿಷದ ಶೂಟಿಂಗ್ ಎಂದರೆ 2.6 ಜಿಬಿ. ಇದು ಕ್ಯಾಮೆರಾ ಫೋಲ್ಡರಿನಲ್ಲಿ ಕೂತಿತು. ಅಷ್ಟನ್ನೂ ಎಡಿಟಿಂಗ್ ಆ್ಯಪಿಗೆ ಸೇರಿಸಿದಿರಿ. ಕೆಲವು ಆ್ಯಪ್‌ಗಳು ಮೂಲ ವಿಡಿಯೋ ಎಲ್ಲಿದೆ ಎಂಬ ಗುರುತು ಮಾತ್ರ ಇಟ್ಟುಕೊಂಡು ಅಲ್ಲಿಂದಲೇ ಓದುತ್ತವೆ. ಇನ್ನು ಕೆಲವು ಇಡೀ ವಿಡಿಯೋವನ್ನು ತಮ್ಮ ಒಳಗಿನ ಫೋಲ್ಡರಿಗೆ ಪ್ರತಿ ಮಾಡಿಕೊಳ್ಳುತ್ತವೆ. ನಿಮ್ಮದು ಎರಡನೆಯ ಜಾತಿಯದಾದರೆ ಇನ್ನೊಂದು 2.6 ಜಿಬಿ ಹೋಯಿತು. ಸೇವ್ ಕೊಟ್ಟಾಗ ನಾಲ್ಕು ನಿಮಿಷದ ವಿಡಿಯೋ ತಯಾರಾಗಬೇಕು, ಅದು ಸುಮಾರು 240 ಎಂಬಿ ಎಂದುಕೊಳ್ಳಿ. ಅದನ್ನು ಮೊದಲು ತನ್ನೊಳಗೆ ತಾತ್ಕಾಲಿಕ ಫೈಲ್ ಆಗಿ ಬರೆದು, ಪೂರ್ತಿಯಾದ ಮೇಲೆ ಗ್ಯಾಲರಿಗೆ ಇನ್ನೊಂದು ಪ್ರತಿ ಹಾಕುವ ಆ್ಯಪ್‌ಗಳಿವೆ. ಆ ಹೊತ್ತಿನಲ್ಲಿ 480 ಎಂಬಿ ಬೇಕು. ಒಟ್ಟು ಐದೂಮುಕ್ಕಾಲು ಜಿಬಿ ಹತ್ತಿರ ಬಂತು, ಕೈಗೆ ಸಿಗಬೇಕಾದದ್ದು ಮಾತ್ರ ಕಾಲು ಜಿಬಿಯ ವಿಡಿಯೋ. 32 ಜಿಬಿ ಫೋನಿನಲ್ಲಿ ಆಂಡ್ರಾಯ್ಡು ಮತ್ತು ದಿನಬಳಕೆಯ ಆ್ಯಪ್‌ಗಳು ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದಿರುವಾಗ, ತೊಂಬತ್ತು ಪರ್ಸೆಂಟಿಗೆ ನಿಲ್ಲದೆ ಇನ್ನೇನಾದೀತು?

ಯಾವ ಆ್ಯಪ್ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಹುಟ್ಟುತ್ತದೆ. ಪ್ಲೇಸ್ಟೋರಿನಲ್ಲಿ ಕಾಣುವ ಡೌನ್‌ಲೋಡ್ ಗಾತ್ರ ನೋಡಿ ಆ್ಯಪ್ ಆರಿಸಬೇಡಿ. ಎಂಬತ್ತು ಎಂಬಿಯ ಆ್ಯಪ್ ಒಂದು ತಿಂಗಳಲ್ಲಿ ನಾಲ್ಕು ಜಿಬಿ ಆಗಬಹುದು. ಅದು ಪ್ರತಿ ಮಾಡಿಕೊಳ್ಳುತ್ತದೋ ಇಲ್ಲವೋ ಎಂದು ನೀವೇ ಪರೀಕ್ಷೆ ಮಾಡಿ, ಐದು ನಿಮಿಷದ ಕೆಲಸ. ಆ್ಯಪಿನ ಐಕಾನ್ ಒತ್ತಿ ಹಿಡಿದು App info ತೆರೆಯಿರಿ, ಅಲ್ಲಿ Storage & cache ಒಳಗೆ ಹೋದರೆ ಮೂರು ಸಂಖ್ಯೆ ಕಾಣುತ್ತವೆ: App size, User data, Cache. ಫೋನ್ ಕನ್ನಡದಲ್ಲಿದ್ದರೆ ಇದೇ ಸಾಲುಗಳು ಕನ್ನಡದಲ್ಲಿರುತ್ತವೆ, ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬೇರೆ ಇರಬಹುದು. ಎರಡನೆಯ ಮತ್ತು ಮೂರನೆಯ ಸಂಖ್ಯೆ ಬರೆದುಕೊಳ್ಳಿ. ಈಗ ಆ್ಯಪ್ ತೆರೆದು, ಆಗ ತೆಗೆದ ಆ ಒಂದು ನಿಮಿಷದ ವಿಡಿಯೋ ಸೇರಿಸಿ ಹೊಸ ಪ್ರಾಜೆಕ್ಟ್ ಮಾಡಿ, ಏನೂ ಎಡಿಟ್ ಮಾಡದೆ ಹೊರಗೆ ಬನ್ನಿ. ಮತ್ತೆ ಅದೇ ಜಾಗದಲ್ಲಿ ನೋಡಿ. User data ಸಾಲು 130 ಎಂಬಿ ಏರಿದ್ದರೆ ಆ್ಯಪ್ ಇಡೀ ವಿಡಿಯೋವನ್ನು ಪ್ರತಿ ಮಾಡಿಕೊಂಡಿದೆ. ಐದೋ ಹತ್ತೋ ಎಂಬಿ ಏರಿದ್ದರೆ ಗುರುತು ಮಾತ್ರ ಇಟ್ಟುಕೊಂಡಿದೆ, ಆ ಆ್ಯಪ್ ನಿಮ್ಮ ಫೋನಿಗೆ ಒಪ್ಪುತ್ತದೆ.

ಯೂಕಟ್, ಇನ್‌ಶಾಟ್, ವಿಎನ್ ಈ ಮೂರರಲ್ಲಿ ಯಾವುದಾದರೂ ಒಂದು ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಕತ್ತರಿಸುವುದು, ಜೋಡಿಸುವುದು, ಹಿನ್ನೆಲೆ ದನಿ ಸೇರಿಸುವುದು, ಮೇಲೆ ಹೆಸರು ಬರೆಯುವುದು ಮೂರರಲ್ಲೂ ಆಗುತ್ತದೆ. ನಾನು ಮೊದಲು ಪರೀಕ್ಷಿಸಲು ಹೇಳುವುದು ಯೂಕಟ್, ಏಕೆಂದರೆ ಅದರಲ್ಲಿ ಗೊಂದಲ ಕಡಿಮೆ. ಬಿಟ್‌ರೇಟನ್ನು ಕೈಯಾರೆ ಇಡಬೇಕೆಂದರೆ ವಿಎನ್ ಒಳ್ಳೆಯದು. ಯಾವುದಾದರೂ ಒಂದನ್ನೇ ಇಟ್ಟುಕೊಳ್ಳಿ. ಕ್ಯಾಪ್‌ಕಟ್ ಬಗ್ಗೆ ಹಲವರು ಕೇಳುತ್ತಾರೆ. ಅದು ಭಾರತದ ಪ್ಲೇಸ್ಟೋರಿನಲ್ಲಿ ಸಿಗುವುದಿಲ್ಲ. ಯಾರೋ ಕಳಿಸಿದ ಎಪಿಕೆ ಫೈಲ್ ಹಾಕಿಕೊಂಡು, ಬ್ಯಾಂಕು ಮತ್ತು ಯುಪಿಐ ಇರುವ ಅದೇ ಫೋನಿನಲ್ಲಿ ಅದಕ್ಕೆ ಎಲ್ಲ ಅನುಮತಿ ಕೊಡುವುದನ್ನು ದಯವಿಟ್ಟು ಮಾಡಬೇಡಿ. ಇನ್ನೊಂದು ಸಣ್ಣ ಪರೀಕ್ಷೆ ನಮ್ಮ ಭಾಷೆಯವರು ಮಾತ್ರ ಮಾಡಬೇಕಾದದ್ದು: ಅಕ್ಷರದ ಪೆಟ್ಟಿಗೆಯಲ್ಲಿ ‘ಚಟ್ನಿ’ ಎಂದು ಬರೆದು ನೋಡಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಒಡೆದು ಬಂದರೆ ಫಾಂಟ್ ಬದಲಿಸಿ, ಆಗಲೂ ಒಡೆದರೆ ಆ್ಯಪ್ ಬದಲಿಸಿ.

ಕ್ಯಾಶ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಕೈ ತಪ್ಪಿದರೆ ಕೆಲಸ ಪೂರ್ತಿ ಹೋಗುತ್ತದೆ. ನೀವು ಕ್ಲಿಪ್ ಸೇರಿಸಿದ ಕೂಡಲೇ ಆ್ಯಪ್ ಟೈಮ್‌ಲೈನಿನಲ್ಲಿ ತೋರಿಸಲು ಸಣ್ಣ ಸಣ್ಣ ಚಿತ್ರಗಳನ್ನು ಮಾಡಿಕೊಳ್ಳುತ್ತದೆ, ದನಿಯ ಅಲೆಯ ಗೆರೆ ಬರೆದುಕೊಳ್ಳುತ್ತದೆ. ವಿಡಿಯೋವನ್ನು ಹಿಂದುಮುಂದಾಗಿ ಓಡಿಸಿದರೆ ಆ ತುಂಡನ್ನು ಹೊಸದಾಗಿಯೇ ತಯಾರಿಸಿ ಇಟ್ಟುಕೊಳ್ಳಬೇಕಾಗುತ್ತದೆ. ಇವೆಲ್ಲ ಕ್ಯಾಶ್. ಅಳಿಸಿದರೆ ಮುಂದಿನ ಸಲ ಪ್ರಾಜೆಕ್ಟ್ ತೆರೆದಾಗ ಮತ್ತೆ ಮಾಡಿಕೊಳ್ಳಲೇಬೇಕು. ಮರುದಿನ ತುಂಬಿರುವುದಕ್ಕೆ ಕಾರಣ ಅದೇ. ಎಡಿಟಿಂಗ್ ಅರ್ಧದಲ್ಲಿರುವಾಗ ದಿನಾ ಕ್ಯಾಶ್ ಅಳಿಸಿದರೆ ಜಾಗವೂ ಉಳಿಯುವುದಿಲ್ಲ, ಪ್ರಾಜೆಕ್ಟ್ ತೆರೆಯುವುದೂ ತಡವಾಗುತ್ತದೆ. ಒಂದು ವಿಡಿಯೋ ಪೂರ್ತಿ ಮುಗಿದ ಮೇಲೆ ಒಮ್ಮೆ ಅಳಿಸಿ, ಅಷ್ಟು ಸಾಕು.

ನಿಮ್ಮ ಜಾಗ ನುಂಗಿರುವುದು ಕ್ಯಾಶ್ ಅಲ್ಲ, ಹಳೆಯ ಡ್ರಾಫ್ಟುಗಳು. ಆ್ಯಪ್ ಒಳಗೆ ಡ್ರಾಫ್ಟ್ ಅಥವಾ ಪ್ರಾಜೆಕ್ಟ್ ಎಂಬ ಪುಟ ತೆರೆಯಿರಿ. ಮೂರು ತಿಂಗಳ ಹಿಂದೆ ಹಾಕಿ ಮುಗಿಸಿದ ವಿಡಿಯೋಗಳೂ ಅಲ್ಲಿ ಸಾಲಾಗಿ ಇರುತ್ತವೆ. ಪ್ರತಿ ಮಾಡಿಕೊಳ್ಳುವ ಆ್ಯಪ್ ಆದರೆ ಒಂದೊಂದರ ಹಿಂದೆಯೂ ಒಂದೆರಡು ಜಿಬಿ ಇರುತ್ತದೆ. ಇವು User data ಲೆಕ್ಕಕ್ಕೆ ಸೇರುವುದರಿಂದ Clear cache ಒತ್ತಿದರೆ ಅಲುಗುವುದಿಲ್ಲ. ಆ್ಯಪ್ ಒಳಗಿನಿಂದಲೇ, ಮುಗಿದ ಡ್ರಾಫ್ಟುಗಳನ್ನು ಒಂದೊಂದಾಗಿ ಅಳಿಸಬೇಕು. ನಾನು ಒಮ್ಮೆ ಆತುರದಲ್ಲಿ Clear cache ಪಕ್ಕದ Clear storage ಒತ್ತಿಬಿಟ್ಟೆ. ಒಂದು ಮದುವೆಯ ಎರಡು ದಿನದ ಎಡಿಟಿಂಗ್ ಒಂದೇ ಕ್ಷಣದಲ್ಲಿ ಹೋಯಿತು. ಮೂಲ ವಿಡಿಯೋಗಳು ಇದ್ದವು, ಆದರೆ ಕತ್ತರಿಸಿದ್ದು, ಜೋಡಿಸಿದ್ದು ಒಂದೂ ಇರಲಿಲ್ಲ. ವಾಪಸ್ ತರುವ ದಾರಿಯೂ ಇಲ್ಲ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೂ ಆಗುವುದು ಇದೇ. ಆದ್ದರಿಂದ ಆ ಪುಟದಲ್ಲಿ ಯಾವ ಗುಂಡಿ ಒತ್ತುತ್ತಿದ್ದೇನೆ ಎಂದು ಓದಿಯೇ ಒತ್ತಿ. ಕೆಲವು ಫೋನುಗಳಲ್ಲಿ ಅದಕ್ಕೆ Clear data ಎಂದಿರುತ್ತದೆ.

ಇನ್ನೆರಡು ಬಚ್ಚಿಟ್ಟ ಜಾಗಗಳಿವೆ. ಗ್ಯಾಲರಿಯಿಂದ ಅಳಿಸಿದ ವಿಡಿಯೋ ಕಸದಬುಟ್ಟಿಗೆ, ಅಂದರೆ Trash ಅಥವಾ Bin ಎಂಬಲ್ಲಿಗೆ ಹೋಗಿ ಸಾಮಾನ್ಯವಾಗಿ 30 ದಿನ ಅಲ್ಲೇ ಇರುತ್ತದೆ. ಅಲ್ಲಿರುವಷ್ಟು ದಿನ ಜಾಗ ಖಾಲಿ ಆಗುವುದಿಲ್ಲ. ಬುಟ್ಟಿಯನ್ನು ಖಾಲಿ ಮಾಡಿದ ಮೇಲೆಯೇ ಜಾಗ ಸಿಗುವುದು. ಎರಡನೆಯದು ವಾಟ್ಸಾಪ್. ನೀವು ಗಿರಾಕಿಗಳಿಗೆ ಕಳಿಸಿದ ಪ್ರತಿ ವಿಡಿಯೋಗೂ ಅದರ Sent ಫೋಲ್ಡರಿನಲ್ಲಿ ಒಂದು ಪ್ರತಿ ಉಳಿಯುತ್ತದೆ. ವಾಟ್ಸಾಪ್ ಸೆಟ್ಟಿಂಗಿನ Storage and data ಒಳಗೆ Manage storage ತೆರೆದರೆ ದೊಡ್ಡ ಫೈಲುಗಳು ಮೇಲೆ ಕಾಣುತ್ತವೆ, ಅಲ್ಲಿಂದ ತೆಗೆಯಿರಿ.

ಈಗ ಕೆಲಸದ ಕ್ರಮ. ಶೂಟಿಂಗ್ ಮುಗಿದ ದಿನವೇ ಮೂಲ ವಿಡಿಯೋಗಳನ್ನು ಓಟಿಜಿ ತುಂಡು ಹಾಕಿ ಪೆನ್‌ಡ್ರೈವಿಗೆ ಪ್ರತಿ ಮಾಡಿ. ಪೆನ್‌ಡ್ರೈವಿನಿಂದಲೇ ಒಂದೆರಡನ್ನು ಓಡಿಸಿ ನೋಡಿದ ಮೇಲೆ ಮುಂದಕ್ಕೆ ಹೋಗಿ. ಗೂಗಲ್ ಖಾತೆಯಲ್ಲಿ ಸಿಗುವ ಉಚಿತ ಜಾಗ 15 ಜಿಬಿ. ವಾರಕ್ಕೆ 2.6 ಜಿಬಿಯಂತೆ ಆರನೇ ವಾರಕ್ಕೇ ಅದು ಮುಗಿಯುತ್ತದೆ, ಅದನ್ನು ನಂಬಿ ಕೂರುವ ಹಾಗಿಲ್ಲ.

ನಂತರ ಎಡಿಟಿಂಗ್ ಆ್ಯಪ್ ತೆರೆಯದೆ ಗ್ಯಾಲರಿಯಲ್ಲೇ ಕ್ಲಿಪ್‌ಗಳನ್ನು ನೋಡಿ. ರೊಟ್ಟಿ ಹರಿದದ್ದು, ಕೈ ಅಡ್ಡ ಬಂದದ್ದು, ಪ್ರೆಷರ್ ಕುಕ್ಕರ್ ಕೂಗಿ ಮಾತು ಕೇಳದ್ದು, ಇವನ್ನು ಮೊದಲು ಅಳಿಸಿ. ಉಳಿದವುಗಳಲ್ಲಿ ಉದ್ದವಾದವನ್ನು ಗ್ಯಾಲರಿಯ ಟ್ರಿಮ್‌ನಲ್ಲೇ ಕತ್ತರಿಸಿ. ಶೇಂಗಾ ಹುರಿಯುವ ಐದು ನಿಮಿಷದ ಕ್ಲಿಪ್ಪಿನಲ್ಲಿ ನಿಮಗೆ ಬೇಕಾದದ್ದು ಸಿಪ್ಪೆ ಬಿರಿಯುವ ಮೂವತ್ತು ಸೆಕೆಂಡು. ಟ್ರಿಮ್ ಮಾಡಿ ಪ್ರತಿಯಾಗಿ ಉಳಿಸಿದರೆ 650 ಎಂಬಿ ಜಾಗದಲ್ಲಿ ಸುಮಾರು 65 ಎಂಬಿ ಆಗುತ್ತದೆ. ಒಂದು ಮಾತು: ಟ್ರಿಮ್ ಮಾಡಿದ ಕೂಡಲೇ ಮೂಲ ತಾನಾಗಿ ಹೋಗುವುದಿಲ್ಲ. ಒಂದನ್ನು ಕತ್ತರಿಸಿ, ಅದರ ಮೂಲವನ್ನು ಅಳಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಕೊನೆಗೆ ಕಸದಬುಟ್ಟಿ ಖಾಲಿ ಮಾಡಿ. ಹೀಗೆ 20 ನಿಮಿಷ 7 ನಿಮಿಷಕ್ಕೆ ಇಳಿದರೆ 2.6 ಜಿಬಿ ಹೋಗಿ 0.9 ಜಿಬಿ ಉಳಿಯುತ್ತದೆ. ಆ್ಯಪ್ ಅದನ್ನೂ ಪ್ರತಿ ಮಾಡಿಕೊಂಡು, ಸೇವ್ ಮಾಡುವಾಗ ಎರಡು ಪಟ್ಟು ಜಾಗ ಹಿಡಿದರೂ ಒಟ್ಟು 2.3 ಜಿಬಿ ಆಸುಪಾಸಿನಲ್ಲಿ ಮುಗಿಯುತ್ತದೆ. ಮೊದಲಿನ ಐದೂಮುಕ್ಕಾಲು ಜಿಬಿಯ ಪಕ್ಕದಲ್ಲಿ ಇಟ್ಟು ನೋಡಿ.

ಎಡಿಟ್ ಮಾಡುವಾಗ ನಿಮ್ಮ 3 ಜಿಬಿ ರ‍್ಯಾಮ್ ಲೆಕ್ಕಕ್ಕೆ ಬರುತ್ತದೆ. ಒಂದು ವಿಡಿಯೋದ ಮೇಲೆ ಇನ್ನೊಂದು ವಿಡಿಯೋ ಕೂರಿಸಿದರೆ ಫೋನು ಎರಡನ್ನೂ ಒಟ್ಟಿಗೆ ಬಿಡಿಸಿ ಓದಬೇಕು. ಅಗ್ಗದ ಚಿಪ್‌ಗಳು ಅಲ್ಲೇ ಎಡವುತ್ತವೆ. ಅಕ್ಷರ, ಸಣ್ಣ ಚಿತ್ರ ಕೂರಿಸುವುದರಿಂದ ಅಷ್ಟು ಭಾರ ಬೀಳುವುದಿಲ್ಲ. ಫೋಟೋ ಸೇರಿಸುವಾಗಲೂ ನೋಡಿಕೊಳ್ಳಿ. 50 ಮೆಗಾಪಿಕ್ಸೆಲ್ ಫೋಟೋ ಗ್ಯಾಲರಿಯಲ್ಲಿ ಹತ್ತು ಹನ್ನೆರಡು ಎಂಬಿ ಕಾಣಬಹುದು, ಆದರೆ ಒಂದೊಂದು ಪಿಕ್ಸೆಲ್ಲಿಗೆ ನಾಲ್ಕು ಬೈಟಿನಂತೆ ಪೂರ್ತಿ ಬಿಡಿಸಿದರೆ ಅದು ರ‍್ಯಾಮ್‌ನಲ್ಲಿ 200 ಎಂಬಿ ಹಿಡಿಯುತ್ತದೆ. 1080p ವಿಡಿಯೋದ ಅಗಲ 1920 ಪಿಕ್ಸೆಲ್ ಮಾತ್ರ. ಚಟ್ನಿ ಡಬ್ಬಿಯ ಫೋಟೋವನ್ನು ಕ್ಯಾಮೆರಾದ ಸಾಮಾನ್ಯ ಮೋಡಿನಲ್ಲೇ ತೆಗೆಯಿರಿ, 50 ಮೆಗಾಪಿಕ್ಸೆಲ್ ಮೋಡ್ ಬೇಡ.

ಇನ್ನು ಸೇವ್, ಅಂದರೆ ಎಕ್ಸ್‌ಪೋರ್ಟ್. ರೆಸಲ್ಯೂಷನ್ 1080p, ಫ್ರೇಮ್‌ರೇಟ್ 30, ಬಿಟ್‌ರೇಟ್ 8 ಮೆಗಾಬಿಟ್. ಯೂಟ್ಯೂಬ್ ತಾನೇ 1080p, 30 ಫ್ರೇಮಿನ ವಿಡಿಯೋಗೆ 8, 720p ವಿಡಿಯೋಗೆ 5 ಮೆಗಾಬಿಟ್ ಇಡಲು ಹೇಳುತ್ತದೆ. ಎಂಟನ್ನು ಏಳೂವರೆಯಿಂದ ಗುಣಿಸಿದರೆ ನಿಮಿಷಕ್ಕೆ 60 ಎಂಬಿ, ನಾಲ್ಕು ನಿಮಿಷಕ್ಕೆ ಆ 240 ಎಂಬಿ ಬಂದದ್ದು ಹೀಗೆ. ಆ್ಯಪ್ ತೋರಿಸುವ 4K, 60 ಫ್ರೇಮ್ ಕಡೆ ಕೈ ಹಾಕಬೇಡಿ. ಕ್ಯಾಮೆರಾ 1080p, 30ರಲ್ಲಿ ಹಿಡಿದಿದ್ದರೆ ಎಕ್ಸ್‌ಪೋರ್ಟ್‌ನಲ್ಲಿ 4K ಕೊಟ್ಟ ಮಾತ್ರಕ್ಕೆ ಇಲ್ಲದ ವಿವರ ಹುಟ್ಟುವುದಿಲ್ಲ, ಇದ್ದ ಪಿಕ್ಸೆಲ್ಲನ್ನೇ ಹಿಗ್ಗಿಸುತ್ತದೆ. 60 ಫ್ರೇಮ್ ಕೊಟ್ಟರೆ ಬರೆಯುವ ಕೆಲಸ ಎರಡು ಪಟ್ಟಾಗುತ್ತದೆ. HEVC ಅಥವಾ H.265 ಎಂಬ ಆಯ್ಕೆ ಫೈಲನ್ನು ಚಿಕ್ಕದು ಮಾಡುತ್ತದೆ ನಿಜ, ಆದರೆ ಹಳೆಯ ಫೋನುಗಳಿರುವ ಗಿರಾಕಿಗಳಲ್ಲಿ ಕೆಲವರಿಗೆ ಅದು ಓಡದು. H.264 ಇರಲಿ. ಇಷ್ಟಾದರೂ ಫೋನು ತಡವರಿಸಿದರೆ 720p, 5 ಮೆಗಾಬಿಟ್‌ಗೆ ಇಳಿಯಿರಿ. ಫೋನಿನಲ್ಲೇ ನೋಡುವವರಿಗೆ ಅಡುಗೆ ವಿಡಿಯೋದಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ಅಕ್ಷರದ ಅಂಚು ಮಾತ್ರ ಸ್ವಲ್ಪ ಮಸುಕಾಗುತ್ತದೆ, ಹಾಗಾಗಿ ಹೆಸರು, ಅಳತೆಗಳನ್ನು ದೊಡ್ಡದಾಗಿ ಬರೆಯಿರಿ.

ಸೇವ್ ಒತ್ತುವ ಮುಂಚೆ ಖಾಲಿ ಜಾಗ ನೋಡಿ. ತಯಾರಾಗುವ ವಿಡಿಯೋದ ಎರಡು ಪಟ್ಟು, ಅದರ ಮೇಲೆ ಒಂದು ಜಿಬಿ, ಇದು ನಾನು ಇಟ್ಟುಕೊಂಡ ಅಳತೆ. ನಿಮ್ಮ ವಿಡಿಯೋಗೆ ಒಂದೂವರೆ ಜಿಬಿ ಆಯಿತು, ಎರಡು ಇದ್ದರೆ ಇನ್ನೂ ನೆಮ್ಮದಿ. ಪೂರ್ತಿ ತುಂಬಿದ ಸ್ಟೋರೇಜ್ ಬರೆಯುವುದರಲ್ಲೂ ನಿಧಾನವಾಗುತ್ತದೆ. ಸೇವ್ ಆಗುತ್ತಿರುವಾಗ ಬೇರೆ ಆ್ಯಪಿಗೆ ಹೋಗಬೇಡಿ, ಕರೆ ಬರದಂತೆ ಏರ್‌ಪ್ಲೇನ್ ಮೋಡ್ ಹಾಕಿ, ಬ್ಯಾಟರಿ ಸೇವರ್ ತೆಗೆಯಿರಿ, ಫೋನನ್ನು ಒಲೆಯಿಂದ ದೂರ ನೆರಳಲ್ಲಿ ಇಡಿ. ರ‍್ಯಾಮ್ ಕಡಿಮೆ ಇರುವ ಫೋನಿನಲ್ಲಿ ಹಿಂದೆ ಸರಿದ ಆ್ಯಪನ್ನು ಆಂಡ್ರಾಯ್ಡು ಯಾವ ಕ್ಷಣದಲ್ಲಾದರೂ ಮುಚ್ಚಬಹುದು. ಅರ್ಧಕ್ಕೆ ನಿಂತ ಎಂಪಿ4 ಫೈಲ್ ಓಡುವುದಿಲ್ಲ, ಏಕೆಂದರೆ ಒಳಗೆ ಏನು ಎಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತಾರೆ. ಅಂಥ ಫೈಲ್ ಗ್ಯಾಲರಿಯಲ್ಲಿ ಕಂಡರೆ ಇಟ್ಟುಕೊಂಡು ಉಪಯೋಗವಿಲ್ಲ, ಅಳಿಸಿ.

ಮತ್ತೆ ನಿಂತರೆ ಎಲ್ಲಿ ನಿಂತಿತು ಎಂದು ನೋಡಿ. ಪ್ರತಿ ಸಲವೂ ಒಂದೇ ಪರ್ಸೆಂಟಿನಲ್ಲಿ, ಉದಾಹರಣೆಗೆ 62ರಲ್ಲಿ ನಿಂತರೆ, ಟೈಮ್‌ಲೈನಿನ ಆ ಭಾಗದಲ್ಲಿರುವ ಕ್ಲಿಪ್ ಅಥವಾ ಎಫೆಕ್ಟಿನ ಮೇಲೆ ಅನುಮಾನ ಪಡಿ. ಅದನ್ನು ತೆಗೆದು ಸೇವ್ ಮಾಡಿದರೆ ಗೊತ್ತಾಗುತ್ತದೆ. ಒಮ್ಮೆ 40, ಇನ್ನೊಮ್ಮೆ 75 ಎಂದು ನಿಂತಲ್ಲಿ ನಿಲ್ಲದಿದ್ದರೆ ಹೆಚ್ಚಾಗಿ ರ‍್ಯಾಮ್ ಅಥವಾ ಬಿಸಿಯ ತೊಂದರೆ. ಹತ್ತು ನಿಮಿಷ ಫೋನ್ ತಣ್ಣಗಾಗಲು ಬಿಟ್ಟು, ರೀಸ್ಟಾರ್ಟ್ ಮಾಡಿ, ಬೇರೇನೂ ತೆರೆಯದೆ ಸೇವ್ ಕೊಡಿ. ನಿಮ್ಮ ಹಾಗೆ ತೊಂಬತ್ತರ ಮೇಲೆ ಹೋಗಿ ನಿಲ್ಲುವುದು ಬಹುತೇಕ ಜಾಗದ್ದೇ.

ಮೆಮೊರಿ ಕಾರ್ಡ್ ಹಾಕಲು ಬರುವ ಫೋನಾದರೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಶೂಟಿಂಗನ್ನು ಕಾರ್ಡಿಗೇ ಕೊಡಿ. 17 ಮೆಗಾಬಿಟ್ ಎಂದರೆ ಸೆಕೆಂಡಿಗೆ ಎರಡು ಎಂಬಿಗಿಂತ ಸ್ವಲ್ಪ ಹೆಚ್ಚು. ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯುವ U1 ಗುರುತಿನ ಅಸಲಿ ಕಾರ್ಡ್ ಅದಕ್ಕೆ ಸಾಕು. ಎಡಿಟಿಂಗ್ ಮುಗಿಯುವ ತನಕ ಆ ಕಾರ್ಡನ್ನು ಹೊರಗೆ ತೆಗೆಯಬೇಡಿ. ಗುರುತು ಮಾತ್ರ ಇಟ್ಟುಕೊಳ್ಳುವ ಆ್ಯಪ್‌ಗೆ ಆಗ ಕ್ಲಿಪ್‌ಗಳೇ ಕಾಣುವುದಿಲ್ಲ.

ಹೊಸ ಫೋನಿನ ಮಾತು ಬರುವುದು ಒಂದೇ ಸಂದರ್ಭದಲ್ಲಿ. ನಾಲ್ಕು ಜಿಬಿ ಖಾಲಿ ಇಟ್ಟುಕೊಂಡು, ಮೇಲೆ ಇನ್ನೊಂದು ವಿಡಿಯೋ ಕೂರಿಸದೆ, 720pಯಲ್ಲಿ ಸೇವ್ ಕೊಟ್ಟರೂ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿದ್ದರೆ ಆಗ ಬದಲಿಸಿ. ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳುವ ಮುಂಚೆ ಸ್ಟೋರೇಜ್ 128 ಜಿಬಿ ಇದೆಯೇ, ಅದು eMMC ಜಾತಿಯದೋ UFS ಜಾತಿಯದೋ ಎಂದು ಕೇಳಿ. UFS ಇದ್ದರೆ ಓದುವುದೂ ಬರೆಯುವುದೂ ವೇಗ. ಅಲ್ಲಿಯವರೆಗೆ ಇದೇ ಫೋನಿನ ಆ ಹಳೆಯ ಡ್ರಾಫ್ಟುಗಳ ಪುಟ ತೆರೆಯಿರಿ. ಎಷ್ಟು ಜಿಬಿ ಸಿಕ್ಕಿತು ಎಂದು ನನಗೂ ಬರೆದು ತಿಳಿಸಿ.